ಗಣೇಶ ಚೌತಿ ಅಲಂಕಾರ: 30 ದಿನದ ಪಟ್ಟಿ (ಡೊಂಬಿವಲಿ, ಕಟ್ಟಡದ ಮಂಟಪ)

30 ದಿನ ಮುಂಚೆ: ಅಟ್ಟದಿಂದ ಸಾಮಾನು ಇಳಿಸಿ. ಚೌಕಟ್ಟಿನ ತುಕ್ಕು ಉಜ್ಜಿ ರೆಡ್ ಆಕ್ಸೈಡ್ ಬಳಿಯಿರಿ. ಮಳೆಗಾಲದಲ್ಲಿ ಬಣ್ಣ ಬೇಗ ಒಣಗದು. ಕೊನೆಗಿಟ್ಟರೆ ಬಟ್ಟೆಗೆ ಹತ್ತುತ್ತದೆ. ಒಂದೂವರೆ ಅಡಿಯ ಶಾಡೂ ಮಣ್ಣಿನ ಮೂರ್ತಿಗೆ ಮುಂಗಡ ಕೊಡಿ.

22 ದಿನ: ದೀಪದ ಸರಗಳು. ಅವಸರ ಬೇಡ, ಕೆಡುವುದು ಹೆಚ್ಚಾಗಿ ಇವೇ. ಪ್ರತಿ ಸರವನ್ನೂ ಅರ್ಧ ಗಂಟೆ ಉರಿಸಿ. ಒಂದು ಭಾಗ ಮಾತ್ರ ಆರಿದರೆ ಆ ಸಾಲಿನಲ್ಲಿ ಬಲ್ಬೋ ತಂತಿಯೋ ಹೋಗಿದೆ. ಪೂರ್ತಿ ಆರಿದರೆ ಮೊದಲು ಪ್ಲಗ್ ಬಿಚ್ಚಿ ನೋಡಿ. ಹಸಿರು ಕಿಲುಬು ಹಿಡಿದ ತಂತಿ ಕತ್ತರಿಸಿ, ಹೊಸ ತುದಿ ಸುತ್ತಿ, ಟೇಪು ಹಾಕಿ. ರಿಪೇರಿಯಾಗದ್ದರ ಬದಲಿಗೆ ಹೊಸದು ತರಲು ಮುಂಬೈಯ ವಿದ್ಯುತ್ ಸಾಮಾನಿನ ಪೇಟೆ ಲೋಹಾರ್ ಚಾಳಿಗೆ ಹೋಗಿ; ಅಂಗಡಿಯಲ್ಲೇ ಉರಿಸಿ ನೋಡಿ ತನ್ನಿ.

15 ದಿನ: 8 ಅಡಿ ಹಿನ್ನೆಲೆಗೆ ನೆರಿಗೆ ಸೇರಿ 16 ಅಡಿ ಬಟ್ಟೆ. ಥರ್ಮಾಕೋಲ್ ಬೇಡವೇ ಬೇಡ, 2018ರಿಂದ ಮಹಾರಾಷ್ಟ್ರದಲ್ಲಿ ನಿಷೇಧ. ಕಮಾನಿಗೆ ರಟ್ಟು ಸಾಕು.

4 ದಿನ: ಮಂಟಪ ನಿಲ್ಲಿಸಿ, ಅಲುಗಾಡಿಸಿ ನೋಡಿ. ಬಟ್ಟೆಗೂ ನಂದಾದೀಪಕ್ಕೂ 2 ಅಡಿ ಅಂತರವಿರಲಿ.

ಹಿಂದಿನ ದಿನ: ನಸುಕಿಗೇ ದಾದರ್ ಹೂಮಾರುಕಟ್ಟೆ. ಚೆಂಡುಹೂ 4 ಕಿಲೋ, ಗರಿಕೆ, ಮಾವಿನೆಲೆ. ಪ್ಲಾಸ್ಟಿಕ್ ಚೀಲದಲ್ಲಿ ಹೂ ಬೆವತು ಕೊಳೆಯುತ್ತದೆ. ಒದ್ದೆ ಬಟ್ಟೆಯಲ್ಲಿ ಸುತ್ತಿಡಿ.

ಚೌತಿ ಬೆಳಗ್ಗೆ: ತೋರಣ, ರಂಗೋಲಿ, ಆಮೇಲೆ ಮೂರ್ತಿ.