ನಾಳಿನ ಮೀಟಿಂಗ್ ಮುಂದಕ್ಕ ಹಾಕಬೇಕಾಗೈತ್ರಿ: ಶುಕ್ರವಾರ 28, ಇಲ್ಲಾಂದ್ರ ಬುಧವಾರ ಏಪ್ರಿಲ್ 2

ಸಾವ್ಕಾರ್ರ, ನಮಸ್ಕಾರ್ರಿ. ಈಗ ಎರಡು ಸಲ ಫೋನ್ ಹಚ್ಚಿದೆ, ಎಂಗೇಜ್ ಬಂತು, ಅದಕ್ಕ ಇಲ್ಲೇ ಬರದು ಹಾಕಾಕತ್ತೀನಿ. ನಾಳೆ ಬುಧವಾರ 26ಕ್ಕ ಮುಂಜಾನಿ 11ಕ್ಕ ವಿಜಯಪುರದ ಕೋಲ್ಡ್ ಸ್ಟೋರೇಜಿನ್ಯಾಗ ಮನೂಕಾ ಮಾಲಿನ ಮೀಟಿಂಗ್ ಅಂತ ಪಕ್ಕಾ ಆಗಿತ್ತಲ್ರಿ, ಅದು ನಾಳೆ ಆಗೂದಿಲ್ರಿ. ದಯವಿಟ್ಟು ಮುಂಜಾನಿ ಬೆಳಗಾವಿಯಿಂದ ಗಾಡಿ ಬಿಡಬ್ಯಾಡ್ರಿ. ನೀವು ನಸುಕಿನ್ಯಾಗ 5ಕ್ಕೇ ಹೊರಡ್ತೀರಿ ಅಂತ ಗೊತ್ತೈತಿ, ಅದಕ್ಕ ರಾತ್ರಿ ಆಗೂ ಮೊದಲ ತಿಳಸ್ಬೇಕಂತ ಅವಸರ ಮಾಡೀನಿ. ತೊಂದ್ರಿ ಕೊಟ್ಟಿದ್ದಕ್ಕ ಕ್ಷಮಾ ಇರ್ಲಿ.

ಬದಲಿ ಎರಡು ಟೈಮ್ ಇಟ್ಟೀನಿ, ಎರಡೂ ನನ್ನ ಕಡಿಂದ ಗಟ್ಟಿ, ನೀವು ಯಾವ್ದು ಅಂತೀರಿ ಅದು.

ಒಂದು, ಶುಕ್ರವಾರ ಮಾರ್ಚ್ 28, ಮುಂಜಾನಿ 10:30ರಿಂದ 12:30, ವಿಜಯಪುರದ ಅದೇ ಕೋಲ್ಡ್ ಸ್ಟೋರೇಜು.

ಎರಡು, ಬುಧವಾರ ಏಪ್ರಿಲ್ 2, ಸಂಜಿಮುಂದ 4ರಿಂದ 6, ಬೆಳಗಾವಿ ರವಿವಾರ ಪೇಟಿಯ ನಿಮ್ಮ ಅಂಗಡಿ, ಸ್ಯಾಂಪಲ್ ತಗೊಂಡು ನಾನೇ ಬರ್ತೀನಿ, ನೀವು ಎಲ್ಲೂ ಹೋಗೂದ ಬ್ಯಾಡ.

ಇಷ್ಟು ಓದಿ ಶುಕ್ರವಾರ ಇಲ್ಲಾ ಬುಧವಾರ ಅಂತ ಒಂದು ಶಬ್ದ ಹಾಕಿದ್ರೂ ಸಾಕ್ರಿ. ಕೆಳಗ ಉದ್ದ ಬರದೀನಿ, ಅದು ನಿಮಗ ಲೆಕ್ಕ ಹಾಕಾಕ ಬೇಕಾಗ್ತೈತಿ ಅಂತ, ಪುರಸೊತ್ತು ಸಿಕ್ಕಾಗ ನೋಡ್ರಿ.

ಆಗಿದ್ದು ಏನಂದ್ರ, ಇವತ್ತು ಮಧ್ಯಾಹ್ನದಿಂದ ಟಿಕೋಟಾ ಕಡೆ ಮೋಡ ಕಟ್ಟೈತಿ, ಗಾಳಿ ಎದ್ದೈತಿ, ಒಂದು ನಾಲ್ಕು ಹನಿ ಬಿದ್ದೂ ಹೋತು. ನಿಮಗ ಕೊಡೂ 600 ಬಾಕ್ಸಿನ ಪೈಕಿ 400 ಬಾಕ್ಸ್ ಆಗಲೇ ಕೋಲ್ಡ್ ಸ್ಟೋರೇಜಿನ್ಯಾಗ ಐತಿ, ಅದಕ್ಕ ಏನೂ ಚಿಂತಿ ಇಲ್ಲ. ಉಳಿದ 200 ಬಾಕ್ಸಿನ ಮಾಲು ಅಂದ್ರ 3 ಟನ್, ಅದು ಇನ್ನೂ ಶೆಡ್ಡಿನ ರ್ಯಾಕ್ ಮ್ಯಾಲೈತಿ, ಹಾಕಿ 13 ದಿನ ಆತು. ಇನ್ನೊಂದು ಎರಡು ದಿನ ಒಣಗಿದ್ರ ಕೆಳಗ ಇಳಸೂದಿತ್ತು. ಈ ಹೊತ್ತಿನ್ಯಾಗ ಮಾಲು ಭಾಳ ನಾಜೂಕ್ರಿ, ಪೂರಾ ಹಸಿನೂ ಅಲ್ಲ, ಪೂರಾ ಒಣಗಿದ್ದೂ ಅಲ್ಲ. ಈಗ ಇಳಸಿದ್ರ ಒಳಗ ಪಸಿ ಉಳದು ಬಾಕ್ಸಿನ್ಯಾಗ ಗಂಟು ಕಟ್ತೈತಿ, ಇಳಸ್ದ ಬಿಟ್ರ ಇರಚಲು ಬಡದು ಹಸರು ಹೋಗಿ ಕೆಂಪ ತಿರಗ್ತೈತಿ, ಬೂಸ್ಟು ಹಿಡೀತಂದ್ರ ಅಂತೂ ಮುಗೀತು. ನಿಮಗ ಹಸರು ಮಾಲು ಅಂತ ಹೇಳಿ ಕೆಂಪ ಮಾಲು ತಂದು ಮುಂದ ಇಡೂ ಪೈಕಿ ನಾನಲ್ಲ.

ಹಂಗಾಗಿ ಇವತ್ತು ರಾತ್ರಿ ಮತ್ತ ನಾಳೆ ಪೂರ್ತಿ ಶೆಡ್ಡಿನ್ಯಾಗ ನಾನೇ ನಿಂದರಬೇಕು. ತಾಡಪತ್ರಿ ಕಟ್ಟಿ ಬಿಟ್ರ ಆತಲ್ಲ ಅಂತ ಹೊರಗಿನವ್ರಿಗೆ ಅನಸ್ತೈತ್ರಿ, ಆದ್ರ ಮಳಿ ನಿಂತ ಕೂಡ್ಲೇ ಅದನ್ನ ಎತ್ತಿ ಗಾಳಿ ಆಡಸ್ಬೇಕು, ಇಲ್ಲಾಂದ್ರ ಒಳಗ ಬೆವರಿ ಮಳಿಗಿಂತ ಅದೇ ಜಾಸ್ತಿ ಕೆಡಸ್ತೈತಿ. ಮತ್ತ ಮೋಡ ಬಂದ್ರ ಮತ್ತ ಇಳಸೂದು, ಹಗಲೂ ರಾತ್ರಿ ಇದೇ ಕೆಲಸ. ಆಳು ಸಿಗೂದಿಲ್ಲ, ಯಾಕಂದ್ರ ಊರಾಗ ಎಲ್ಲಾರ ಶೆಡ್ಡಿನ್ಯಾಗೂ ಇದೇ ಹಾಡು, ಎಲ್ಲಾರೂ ತಮ್ಮ ತಮ್ಮ ಮಾಲು ಹಿಡಕೊಂಡು ಕುಂತಾರ.

ನನ್ನ ಬದಲಿ ತಮ್ಮನ್ನ ಕಳಸಬಹುದಿತ್ತು, ವಿಚಾರ ಮಾಡಿದೆ. ಅವ ಬಂದು ಬಾಕ್ಸ್ ತಗದು ತೋರಸ್ತಾನ, ಆದ್ರ ನೀವು ರೇಟಿಗೆ ಕುಂತು, ಗ್ರೇಡಿಂಗ್ ಖರ್ಚು ಯಾರ ಕಡೆ, ಬಾಡಿಗಿ ಯಾವ ತಾರೀಖಿನಿಂದ ನಿಮ್ಮ ಹೆಸರಿಗೆ ಅಂತ ಕೇಳಿದ್ರ ಅವ ನನಗ ಫೋನ್ ಹಚ್ತಾನ, ನಾನು ಇಲ್ಲಿ ತಾಡಪತ್ರಿ ಹಗ್ಗ ಹಿಡಕೊಂಡು ನಿಂತಿರ್ತೀನಿ, ಎರಡು ನೂರು ಕಿಲೋಮೀಟರ್ ಬಂದವ್ರಿಗೆ ಅಂಥಾ ಮೀಟಿಂಗ್ ಮಾಡೂದು ಬರೋಬ್ಬರಿ ಅನಸ್ಲಿಲ್ಲ. ವಿಡಿಯೋ ಕಾಲಿನ್ಯಾಗ ಮುಗಸೂಣು ಅಂದ್ರ, ನೀವೇ ಹೇಳ್ರಿ, ಮನೂಕಾ ಮುಷ್ಟಿಯಾಗ ಹಿಡದು ಬಿಟ್ರ ಬಿಡಿ ಬಿಡಿ ಆಗ್ತಾವೋ ಅಂಟಿಕೊಂಡು ಕುಂದರ್ತಾವೋ ಅನ್ನೂದು ಮೊಬೈಲಿನ್ಯಾಗ ಹೆಂಗ ಗೊತ್ತಾಗ್ತೈತಿ? ಗಂಧಕದ ವಾಸನಿ ಎಷ್ಟು ಉಳದೈತಿ ಅನ್ನೂದೂ ಗೊತ್ತಾಗೂದಿಲ್ಲ. ನೀವು ಕೈಯಾಗ ಹಿಡದು, ಒಂದು ಬಾಯಾಗ ಹಾಕ್ಕೊಂಡು ನೋಡೇ ತಗೊಳ್ಳೂ ಮನುಷ್ಯಾರು.

ಈ ಎರಡೇ ದಿನ ಯಾಕ ಅಂದ್ರ, ಗುರುವಾರ ಸಂಜಿಮುಂದ ಮಳಿ ಇರ್ಲಿ ಬಿಡ್ಲಿ ಆ 3 ಟನ್ ರ್ಯಾಕಿನಿಂದ ಇಳದು ಮನಿ ಒಳಗ ಬಂದಿರ್ತೈತಿ, ಒಣಗಾಕ ಏನರ ಉಳದಿದ್ರ ಒಳಗ ಫ್ಯಾನ್ ಹಚ್ಚಿ ಮಾಡ್ಕೊಂತೀನಿ. ಅದಕ್ಕ ಶುಕ್ರವಾರ ಅಂದ್ರ ಶುಕ್ರವಾರನೇ, ಅವತ್ತು ಧಾರಾಕಾರ ಮಳಿ ಬಂದ್ರೂ ನಾನು 10ಕ್ಕೆ ಕೋಲ್ಡ್ ಸ್ಟೋರೇಜಿನ ಗೇಟಿನ್ಯಾಗ ಇರ್ತೀನಿ. 12:30ಕ್ಕ ಮುಗಸೂಣು ಅಂದಿದ್ದು ಯಾಕಂದ್ರ ಅವತ್ತು ಜುಮ್ಮಾ, ರಂಜಾನ್ ತಿಂಗಳು ಬ್ಯಾರೆ, ಮ್ಯಾನೇಜರ್ ಸಾಹೇಬ್ರು ನಮಾಜಿಗೆ ಹೋಗ್ತಾರ, ಚೇಂಬರಿನ ಕೀಲಿ ಅವರ ಹತ್ರನೇ. ಶನಿವಾರ 29 ಅಮಾಸಿ, ಅವತ್ತು ವ್ಯವಹಾರ ಮಾತಾಡೂದು ನಿಮಗೂ ಸೇರೂದಿಲ್ಲ ನಮ್ಮ ಅವ್ವಗೂ ಸೇರೂದಿಲ್ಲ. 30 ಯುಗಾದಿ, 31ಕ್ಕ ರಂಜಾನ್ ಹಬ್ಬ, ಏಪ್ರಿಲ್ 1ಕ್ಕ ಬ್ಯಾಂಕಿನವ್ರ ವರ್ಷದ ಲೆಕ್ಕ, ಗಿರಾಕಿಗೆ ಬಾಗಲಾ ತಗಿಯೂದಿಲ್ಲ, ಅಡ್ವಾನ್ಸ್ ಚೆಕ್ ಕೊಟ್ರೂ ಅವತ್ತು ಕುಂತೇ ಇರ್ತೈತಿ. ಹಂಗ ತಗದ್ ತಗದ್ ಕೊನಿಗೆ ಉಳದಿದ್ದು 2.

ಯಾವ್ದು ಆರಸ್ಬೇಕು ಅನ್ನೂದಕ್ಕ ಒಂದು ಮಾತು, ನಿಮ್ಮ ಲೆಕ್ಕದವ್ರನ್ನೂ ಕೇಳ್ರಿ. ಈ ಖರೀದಿ ಮಾರ್ಚ್ ಒಳಗಿನ ಲೆಕ್ಕದಾಗೇ ಬರಬೇಕು ಅಂತಿದ್ರ ಶುಕ್ರವಾರನೇ ಬರೋಬ್ಬರಿ, ಅವತ್ತೇ ಮಾತು ಮುಗದ್ರ 400 ಬಾಕ್ಸಿನ ಕಾಗದ ಸಂಜಿಕ್ಕೇ ಮಾಡೂಣು. ಹೊಸ ವರ್ಷದಾಗ ಬಂದ್ರೂ ನಡೀತೈತಿ, ಅವಸರ ಇಲ್ಲ ಅಂದ್ರ ಏಪ್ರಿಲ್ 2 ನಿಮಗ ಆರಾಮ, ಪ್ರವಾಸ ಉಳೀತು, ಮತ್ತ ಅಷ್ಟೊತ್ತಿಗೆ ಆ 200 ಬಾಕ್ಸೂ ಗ್ರೇಡಿಂಗ್ ಆಗಿ ಕಡ್ಡಿ ತಗದು ತಯಾರ ಇರ್ತಾವ, ಆರು ನೂರಕ್ಕೂ ಒಂದೇ ಸಲ ಮಾತಾಡಬಹುದು. ನನಗ ಯಾವ್ದಾದ್ರೂ ಒಂದೇ, ಖರೇ ಹೇಳ್ಬೇಕಂದ್ರ ನಿಮ್ಮ ಅಂಗಡಿಗೆ ಬಂದ್ರ ಬೆಳಗಾವಿ ಕುಂದಾ ತಗೊಂಡು ಹೋಗೂ ಆಸೆನೂ ಐತಿ, ಆದ್ರ ಅದನ್ನ ಲೆಕ್ಕಕ್ಕ ಹಿಡೀಬ್ಯಾಡ್ರಿ.

ಶುಕ್ರವಾರ ಬರೂದಾದ್ರ ಜಮಖಂಡಿ ಮ್ಯಾಲೆ ಬರಬ್ಯಾಡ್ರಿ, ಅಥಣಿ ಮ್ಯಾಲೆ ಬರ್ರಿ. ವಿಜಯಪುರಕ್ಕ ಇಪ್ಪತ್ತು ಕಿಲೋಮೀಟರಿನ ಆಸುಪಾಸು ಮೊದಲ ಟಿಕೋಟಾ ಬರ್ತೈತಿ, ರೋಡಿಗೆ ತಮ್ಮನ್ನ ನಿಲ್ಲಸ್ತೀನಿ, ಆ 200 ಬಾಕ್ಸಿನ ಮಾಲನ್ನೂ ಹೋಗ್ತಾ ಹೋಗ್ತಾ ಕಣ್ಣಾಡಿಸಿಕೊಂಡು ಹೋಗಬಹುದು. ಮಳಿಯಾಗ ಏನರ ಹಾನಿ ಆಗಿದ್ರ ಅಲ್ಲೇ ಕಾಣ್ತೈತಿ, ಮುಚ್ಚಿಡೂದು ಏನಿಲ್ಲ. ಕೆಂಪ ತಿರಗಿದ್ದು ಇದ್ರ ಅದನ್ನ ಬ್ಯಾರೆ ತಗದು, ನಿಮ್ಮ ಲೆಕ್ಕದಿಂದ ಬಿಟ್ಟು, ಕಡಿಮಿ ಬಿದ್ದಷ್ಟು ಹಸರು ಮಾಲು ನಮ್ಮ ಕಾಕಾರ ಶೆಡ್ಡಿನಿಂದ ಕೊಡ್ತೀನಿ, ಅವರೂ ಇದೇ ತೋಟದ ಥಾಮ್ಸನ್ ಹಾಕ್ಯಾರ, ಆದ್ರ ಅದು ನೀವು ನೋಡಿ ಹೂಂ ಅಂದ ಮ್ಯಾಲೇ.

ಮೀಟಿಂಗ್ ಒಂದು ಸರದೈತಿ, ಉಳಿದದ್ದು ಯಾವ್ದೂ ಸರದಿಲ್ರಿ. ಫೋನಿನ್ಯಾಗ ಮಾತಾಡಿದ ರೇಟಿನ ಲೆಕ್ಕ ಹಂಗೇ ಇರ್ತೈತಿ, ಏಪ್ರಿಲ್ 2ರ ಸಂಜಿತನಕ ಈ ಮಾಲು ಬ್ಯಾರೆ ಯಾರಿಗೂ ತೋರಸೂದಿಲ್ಲ, ನಡಕ ತಾಸಗಾಂವ್ ಕಡಿಂದ ಯಾರರ ಕೇಳಿದ್ರೂ ಇಲ್ಲ ಅಂತೀನಿ. ನಿಮ್ಮ ಸಲುವಾಗಿ ತಗದಿಟ್ಟ ಮೂರು ಸ್ಯಾಂಪಲ್ ಬಾಕ್ಸ್ ಮ್ಯಾಲೆ ಇವತ್ತಿನ ತಾರೀಖು ಹಾಕಿ ಪಟ್ಟಿ ಅಂಟಿಸಿ ಚೇಂಬರಿನ್ಯಾಗೇ ಇಟ್ಟೀನಿ, ಫೋಟೋ ಈ ಮೆಸೇಜಿನ ಕೆಳಗ ಹಾಕ್ತೀನಿ. ಅವನ್ನ ನೀವೇ ಒಡೀಬೇಕು.

ಕೋಲ್ಡ್ ಸ್ಟೋರೇಜಿನ ಮ್ಯಾನೇಜರ್ ಸಾಹೇಬ್ರಿಗೆ ಹೇಳೀನಿ, ಶುಕ್ರವಾರ 10:30 ಅವರೂ ಖಾಲಿ ಇಟ್ಕೊಂಡಾರ. ನಾಳೆ ಬರಬೇಕಾಗಿದ್ದ ನಮ್ಮ ಊರಿನ ಇನ್ನಿಬ್ರು ಬೆಳೆಗಾರ್ರಿಗೆ ಹೇಳೂದ ಬೇಕಾಗ್ಲಿಲ್ಲ, ಅವರೂ ತಾಡಪತ್ರಿ ಕಟ್ಟಾಕತ್ತಾರ, ಎರಡೂ ತಾರೀಖಿಗೆ ಹೂಂ ಅಂದಾರ. ಒಬ್ರಿಗೆ ಮಾತ್ರ ನನಗ ತಿಳಸಾಕ ಆಗಿಲ್ಲ, ನಿಪ್ಪಾಣಿಯಿಂದ ನಿಮ್ಮ ಗ್ರೇಡಿಂಗ್ ಮಾಸ್ತರ್ ಅಥಣಿಯಾಗ ನಿಮ್ಮ ಗಾಡಿ ಹತ್ತೂದಿತ್ತಲ್ರಿ, ಅವರ ನಂಬರ್ ನನ್ನ ಹತ್ರ ಇಲ್ಲ. ಅವರು ನಸುಕಿನ ಬಸ್ಸಿಗೆ ಹೊರಡೂ ಮೊದಲ ಇವತ್ತೇ ಒಂದು ಫೋನ್ ಹಾಕ್ರಿ, ಇಲ್ಲಾ ನಂಬರ್ ನನಗ ಕಳಸ್ರಿ, ನಾನೇ ಮಾತಾಡಿ ತಿಳಿಸಿ ಹೇಳ್ತೀನಿ. ನಾಳಿನ ಸಲುವಾಗಿ ಅವರು ಬ್ಯಾರೆ ಕೆಲಸ ಬಿಟ್ಟಿದ್ರ ಅವರ ಒಂದು ದಿನದ ರೊಕ್ಕ ನನ್ನ ಕಡೆ ಹಚ್ರಿ, ಬಾಕ್ಸಿನ ಲೆಕ್ಕದಾಗ ಮುರಕೊಂಡ್ರೂ ನಡೀತೈತಿ, ಈಗಲೇ ಕೊಡು ಅಂದ್ರ ಈಗಲೇ ಹಾಕ್ತೀನಿ. ನೀವು ಬ್ಯಾಡ ಅಂತೀರಿ ಅಂತ ಗೊತ್ತು, ಆದ್ರ ಅವರು ದಿನಗೂಲಿ ಮ್ಯಾಲೆ ಬರೂ ಮನುಷ್ಯಾ, ಅವರಿಗೆ ಯಾಕ ಹೊಡತ ಬೀಳ್ಬೇಕು.

ನಾಳೆ ಬುಧವಾರ ಮಧ್ಯಾಹ್ನ 2ರ ತನಕ ಎರಡೂ ಟೈಮ್ ನಿಮ್ಮ ಹೆಸರಿಗೇ ಹಿಡದು ಇಟ್ಟಿರ್ತೀನಿ. ನೀವು ಏಪ್ರಿಲ್ 2 ಅಂದ್ರ ಶುಕ್ರವಾರದ ಟೈಮ್ ಮ್ಯಾನೇಜರ್ ಸಾಹೇಬ್ರಿಗೆ ಹೇಳಿ ಬಿಟ್ಟುಕೊಡ್ತೀನಿ, ಅವರಿಗೂ ಬ್ಯಾರೆ ಪಾರ್ಟಿ ಇರ್ತಾವಲ್ರಿ. ಎರಡೂ ಹೊಂದಲಿಲ್ಲ ಅಂದ್ರ ಸಂಕೋಚ ಮಾಡಬ್ಯಾಡ್ರಿ, ಏಪ್ರಿಲ್ 3ರ ಮ್ಯಾಲೆ ನಿಮಗ ಅನುಕೂಲ ಆದ ದಿನ ಹೇಳ್ರಿ, ನಾನು ಹೊಂದಿಸ್ಕೊಂತೀನಿ.

ಇವತ್ತು ರಾತ್ರಿ 8ರ ತನಕ ಫೋನ್ ಕೈಯಾಗೇ ಇರ್ತೈತಿ. ಆಮ್ಯಾಲೆ ಶೆಡ್ಡಿನ್ಯಾಗ ಇರ್ತೀನಿ, ಅಲ್ಲಿ ರೇಂಜ್ ಬಂದ್ರ ಬಂತು ಇಲ್ಲಾಂದ್ರ ಇಲ್ಲ, ಹತ್ತಲಿಲ್ಲ ಅಂದ್ರ ಮನಿ ನಂಬರಿಗೆ ಹಚ್ರಿ, ನಮ್ಮ ಮನಿಯವ್ರು ಬಂದು ಹೇಳ್ತಾರ. ಟೈಪ್ ಮಾಡೂದು ಬ್ಯಾಸರಾದ್ರ ವಾಯ್ಸ್ ಮೆಸೇಜ್ ಹಾಕ್ರಿ. ಈ ಮೆಸೇಜ್ ನೋಡಿದ್ದು ಗೊತ್ತಾಗೂ ಹಂಗ ಸದ್ಯಕ್ಕ ಒಂದು ಹೂಂ ಅಂತರ ಹಾಕ್ರಿ ಸಾವ್ಕಾರ್ರ, ಇಲ್ಲಾಂದ್ರ ನೀವು ನೋಡದ ಮುಂಜಾನಿ ಗಾಡಿ ಹತ್ತಿಬಿಟ್ಟೀರಿ ಅಂತ ಅರ್ಧಾ ತಾಸಿಗೆ ಒಮ್ಮಿ ಫೋನ್ ಹಚ್ಚಕೊಂತ ಇರ್ತೀನಿ.

ನಿಮ್ಮ ತಮ್ಮ,
ಟಿಕೋಟಾದಿಂದ