ಹತ್ತನೇ ತರಗತಿ ರಸಾಯನಶಾಸ್ತ್ರ: ‘ರಾಸಾಯನಿಕ ಕ್ರಿಯೆಗಳು ಮತ್ತು ಸಮೀಕರಣಗಳು’ ಪಾಠಕ್ಕೆ ಮುನ್ನ ನೈದಾನಿಕ ಪರೀಕ್ಷೆ

ಸರ್ಕಾರಿ ಪ್ರೌಢಶಾಲೆ, ತೀರ್ಥಹಳ್ಳಿ ತಾಲ್ಲೂಕು
ಅವಧಿ: 40 ನಿಮಿಷ. ಅಂಕಗಳಿಲ್ಲ.

ವಿದ್ಯಾರ್ಥಿಗಳಿಗೆ

ಈ ಪಾಠವನ್ನು ನಾವು ಇನ್ನೂ ಆರಂಭಿಸಿಲ್ಲ. ಆದ್ದರಿಂದ ಇಲ್ಲಿ ಯಾರೂ ಪಾಸಾಗುವುದಿಲ್ಲ, ಫೇಲೂ ಆಗುವುದಿಲ್ಲ. ಪ್ರತಿ ಪ್ರಶ್ನೆಗೂ ನಿಮಗೆ ಸರಿಯೆನಿಸಿದ ಉತ್ತರವನ್ನು ಗುರುತಿಸಿ, ಅದರ ಕೆಳಗೆ ‘ಏಕೆಂದರೆ’ ಎಂದು ಆರಂಭಿಸಿ ಒಂದೆರಡು ವಾಕ್ಯಗಳಲ್ಲಿ ಕಾರಣವನ್ನು ಬರೆಯಿರಿ. ಉತ್ತರ ಖಚಿತವಾಗಿದ್ದರೆ ‘ಖ’ ಎಂದೂ ಊಹೆಯಾಗಿದ್ದರೆ ‘ಊ’ ಎಂದೂ ಅಂಚಿನಲ್ಲಿ ಗುರುತು ಹಾಕಿ. ಪುಸ್ತಕದಲ್ಲಿ ಹೇಗಿರಬಹುದೆಂದು ಯೋಚಿಸದೆ, ನಿಮ್ಮ ಮನಸ್ಸಿನಲ್ಲಿ ಇರುವುದನ್ನೇ ಬರೆಯಿರಿ.

1. ಬಚ್ಚಲೊಲೆಗೆ 5 ಕಿಲೋಗ್ರಾಂ ಒಣ ಸೌದೆ ಹಾಕಿ ಹಂಡೆಯ ನೀರು ಕಾಯಿಸಲಾಯಿತು. ಎಲ್ಲವೂ ಉರಿದ ಮೇಲೆ ಒಲೆಯಲ್ಲಿ ಉಳಿದದ್ದು ಕೆಲವು ಹಿಡಿ ಬೂದಿ ಮಾತ್ರ. ಉಳಿದ ಸೌದೆ ಏನಾಯಿತು?
ಅ) ಬೆಂಕಿಯಲ್ಲಿ ಪೂರ್ತಿ ನಾಶವಾಯಿತು.
ಆ) ಶಾಖವಾಗಿ ಬದಲಾಗಿ ನೀರನ್ನು ಸೇರಿತು.
ಇ) ಅನಿಲ, ಆವಿ ಮತ್ತು ಹೊಗೆಯಾಗಿ ಹೊರಗೆ ಹೋಯಿತು.
ಈ) ಅಲ್ಲಿಯೇ ಇದೆ, ಆದರೆ ಸುಟ್ಟದ್ದರಿಂದ ಹಗುರವಾಗಿದೆ.

ಹೊರಗೆ ಹೋದ ಅನಿಲ, ಆವಿ ಮತ್ತು ಹೊಗೆಯನ್ನೆಲ್ಲ ಹಿಡಿದು, ಬೂದಿಯೊಂದಿಗೆ ಸೇರಿಸಿ ತೂಗಲು ಸಾಧ್ಯವಾದರೆ ಒಟ್ಟು ತೂಕ 5 ಕಿಲೋಗ್ರಾಂಗಿಂತ ಕಡಿಮೆಯೋ, ಸಮವೋ, ಹೆಚ್ಚೋ?

2. ಅದೇ ಹಂಡೆಯ ನೀರು ಕೊತಕೊತನೆ ಕುದಿಯುವಾಗ ತಳದಿಂದ ದೊಡ್ಡ ಗುಳ್ಳೆಗಳು ಎದ್ದು ಬರುತ್ತಲೇ ಇರುತ್ತವೆ. ಆ ಗುಳ್ಳೆಗಳೊಳಗೆ ಏನಿದೆ?
ಅ) ಗಾಳಿ ಆ) ಹೈಡ್ರೋಜನ್ ಮತ್ತು ಆಕ್ಸಿಜನ್ ಇ) ನೀರಾವಿ ಈ) ಶಾಖ

3. 200 ಗ್ರಾಂ ನೀರಿಗೆ 50 ಗ್ರಾಂ ಬೆಲ್ಲ ಹಾಕಿ ಪೂರ್ತಿ ಕರಗುವವರೆಗೆ ಕಲಕಲಾಯಿತು. ಪಾನಕದ ತೂಕ ಎಷ್ಟು?
ಅ) 200 ಗ್ರಾಂ ಆ) 200ಕ್ಕಿಂತ ಹೆಚ್ಚು, 250ಕ್ಕಿಂತ ಕಡಿಮೆ ಇ) 250 ಗ್ರಾಂ

4. ಹೊಳೆಯುವ ಕಬ್ಬಿಣದ ಮೊಳೆಯೊಂದನ್ನು ತೂಗಿ ಮಳೆಗಾಲವಿಡೀ ಜಗಲಿಯ ಅಂಚಿನಲ್ಲಿ ಇಡಲಾಯಿತು. ದೀಪಾವಳಿಯ ಹೊತ್ತಿಗೆ ಅದು ತುಕ್ಕು ಹಿಡಿದಿತ್ತು. ಒಂದು ಚೂರು ತುಕ್ಕೂ ಉದುರದಂತೆ ಒಣಗಿಸಿ ಮತ್ತೆ ತೂಗಿದರೆ ತೂಕ ಹೇಗಿರುತ್ತದೆ?
ಅ) ಕಡಿಮೆಯಾಗಿರುತ್ತದೆ ಆ) ಅಷ್ಟೇ ಇರುತ್ತದೆ ಇ) ಹೆಚ್ಚಾಗಿರುತ್ತದೆ

5. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋಗ್ರಾಂ ಮೈಲುತುತ್ತ, 1 ಕಿಲೋಗ್ರಾಂ ಸುಣ್ಣ ಮತ್ತು 100 ಲೀಟರ್ ನೀರು ಬೇಕು. ದ್ರಾವಣ ಹದಕ್ಕೆ ಬಂದಿದೆಯೇ ಎಂದು ತಿಳಿಯಲು ಹಿರಿಯರು ಉಜ್ಜಿ ಹೊಳಪು ಬರಿಸಿದ ಕತ್ತಿಯನ್ನು ಅದರಲ್ಲಿ ಅದ್ದಿ ನೋಡುತ್ತಾರೆ. ಅಲಗು ಕೆಂಪಗಾದರೆ ಇನ್ನಷ್ಟು ಸುಣ್ಣ ಸೇರಿಸುತ್ತಾರೆ. ಅಲಗಿನ ಮೇಲಿನ ಆ ಕೆಂಪು ಏನು?
ಅ) ಒದ್ದೆಯಾದ ಕಬ್ಬಿಣಕ್ಕೆ ಹಿಡಿದ ತುಕ್ಕು.
ಆ) ಕಬ್ಬಿಣವೇ ತಾಮ್ರವಾಗಿ ಬದಲಾಗಿದೆ.
ಇ) ದ್ರಾವಣದಲ್ಲಿದ್ದ ತಾಮ್ರ ಅಲಗಿನ ಮೇಲೆ ಕುಳಿತಿದೆ.
ಈ) ನೀಲಿ ಬಣ್ಣ ಸುಣ್ಣದಿಂದಾಗಿ ಕೆಂಪಾಗಿದೆ.

ತಾಮ್ರದ ಒಂದೇ ಒಂದು ಪರಮಾಣುವನ್ನು ಬೇರ್ಪಡಿಸಿದರೆ ಅದು ಕೆಂಪಾಗಿಯೂ ಹೊಳಪಾಗಿಯೂ ಇರುತ್ತದೆಯೇ?

6. ಗಟ್ಟಿಮುಟ್ಟಾದ ದೊಡ್ಡ ಪ್ಲಾಸ್ಟಿಕ್ ಬಾಟಲಿಯೊಳಗೆ ಸ್ವಲ್ಪ ನಿಂಬೆರಸವನ್ನೂ ಕಾಗದದಲ್ಲಿ ಸುತ್ತಿದ ಒಂದು ಚಿಟಿಕೆ ಅಡುಗೆ ಸೋಡಾವನ್ನೂ ಹಾಕಿ, ಬಿರಡೆ ಬಿಗಿದು ತೂಗಲಾಯಿತು. ಬಳಿಕ ಅಲ್ಲಾಡಿಸಿದಾಗ ಒಳಗೆಲ್ಲ ನೊರೆ ಎದ್ದಿತು. ಬಿರಡೆ ತೆಗೆಯುವ ಮೊದಲು ತೂಗಿದರೆ ತೂಕ ಏನಾಗಿರುತ್ತದೆ? ಬಿರಡೆ ತೆಗೆದು ‘ಬುಸ್’ ಎಂದ ಮೇಲೆ ಬಿರಡೆಯನ್ನೂ ಸೇರಿಸಿ ತೂಗಿದರೆ ಏನಾಗಿರುತ್ತದೆ?

7. H₂ + O₂ → H₂O ಎಂಬ ಸಮೀಕರಣವನ್ನು ಒಬ್ಬ ವಿದ್ಯಾರ್ಥಿನಿ H₂ + O₂ → H₂O₂ ಎಂದು ತಿದ್ದಿ, ‘ಈಗ ಎರಡೂ ಕಡೆ ಪರಮಾಣುಗಳು ಸಮವಾದವು’ ಎಂದಳು. ಆಕೆಯ ಲೆಕ್ಕ ಸರಿಯೇ? ಆಕೆ ಬರೆದದ್ದು ನೀರೇ? ಹೈಡ್ರೋಜನ್‌ಗೆ ಬಿಳಿ ವೃತ್ತ, ಆಕ್ಸಿಜನ್‌ಗೆ ಕಪ್ಪು ವೃತ್ತ ಬಳಸಿ 2H₂Oವನ್ನು ಚಿತ್ರಿಸಿ.

8. ಸುಟ್ಟ ಚಿಪ್ಪಿಗೆ ನೀರು ಹನಿಸಿದಾಗ ಕೆಳಗೆ ಬೆಂಕಿಯಿಲ್ಲದಿದ್ದರೂ ಅದು ಬಿಸಿಯಾಗಿ ಹಬೆಯಾಡುತ್ತದೆ. ಆ ಶಾಖ ಎಲ್ಲಿಂದ ಬಂತೆಂದು ನಿಮಗೆ ಅನಿಸುತ್ತದೆ?

ಉತ್ತರಗಳನ್ನು ಓದುವ ಶಿಕ್ಷಕರಿಗೆ

ಗುರುತಿಸಿದ ಅಕ್ಷರಕ್ಕಿಂತ ‘ಏಕೆಂದರೆ’ ಎಂಬ ಸಾಲನ್ನು ಮೊದಲು ಓದಬೇಕೆಂದು ಕೋರುತ್ತೇನೆ. ಸರಿಯಾದ ಅಕ್ಷರದ ಕೆಳಗೆ ತಪ್ಪು ಕಾರಣ ಇರುವುದು ಅಪರೂಪವಲ್ಲ. ತಪ್ಪು ಉತ್ತರದ ಪಕ್ಕದಲ್ಲಿ ‘ಖ’ ಎಂದಿದ್ದರೆ ಅದು ತಿಳಿಯದಿರುವುದರ ಗುರುತಲ್ಲ, ಬೇರೂರಿದ ತಪ್ಪುಕಲ್ಪನೆಯ ಗುರುತು. ಅಂತಹ ಕಲ್ಪನೆ ಸರಿಯಾದ ವಿವರಣೆಯನ್ನು ಒಮ್ಮೆ ಕೇಳಿದ ಮಾತ್ರಕ್ಕೆ ಕದಲುವುದಿಲ್ಲ.

1, 4 ಮತ್ತು 6ನೆಯ ಪ್ರಶ್ನೆಗಳು ಹೊರನೋಟಕ್ಕೆ ಬೇರೆಬೇರೆಯಾಗಿದ್ದರೂ ಕೇಳುವುದು ಒಂದನ್ನೇ: ಅನಿಲವೂ ತೂಕವುಳ್ಳ ವಸ್ತು ಎಂದು ಈ ಮಗು ನಂಬುತ್ತದೆಯೇ? ನನ್ನ ದೃಷ್ಟಿಯಲ್ಲಿ ಇಡೀ ಪಾಠ ನಿಂತಿರುವುದು ಈ ನಂಬಿಕೆಯ ಮೇಲೆ. ಇದಿಲ್ಲದ ಮಗುವಿಗೆ ಸಮೀಕರಣವನ್ನು ಸರಿದೂಗಿಸುವುದು ಅಂಕಿಗಳ ಆಟವಾಗಿಯೇ ಉಳಿಯುತ್ತದೆ. ಮೊದಲನೆಯದರಲ್ಲಿ ‘ಇ’ ಎಂದು ಗುರುತಿಸಿದವರೂ ಎರಡನೆಯ ಭಾಗದಲ್ಲಿ ‘ಸಮ’ ಎಂದು ಬರೆಯುವ ಸಾಧ್ಯತೆ ಹೆಚ್ಚು. ಉರಿಯುವಾಗ ಗಾಳಿಯ ಆಕ್ಸಿಜನ್ ಕೂಡ ಸೇರುವುದರಿಂದ ಉತ್ತರ ‘ಹೆಚ್ಚು’. ಮೊಳೆಯ ತೂಕ ಹೆಚ್ಚುವುದೂ ಆಕ್ಸಿಜನ್ ಮತ್ತು ನೀರಿನ ಅಂಶ ಕಬ್ಬಿಣದೊಂದಿಗೆ ಸೇರಿ ತುಕ್ಕಾಗುವುದರಿಂದಲೇ. ‘ಕಡಿಮೆ’ ಎನ್ನುವವರು ತುಕ್ಕು ಕಬ್ಬಿಣವನ್ನು ತಿನ್ನುತ್ತದೆ ಎಂಬ ದಿನಬಳಕೆಯ ಮಾತನ್ನು ಅಕ್ಷರಶಃ ನಂಬಿರುತ್ತಾರೆ. ಬಾಟಲಿಯ ತೂಕ ಬಿರಡೆ ತೆಗೆಯುವವರೆಗೆ ಬದಲಾಗದು. ತೆಗೆದ ಮೇಲೆ ಹೊರಹೋದ ಇಂಗಾಲದ ಡೈಆಕ್ಸೈಡಿನಷ್ಟು ಕಡಿಮೆಯಾಗುತ್ತದೆ. ಉರಿಯುವ ವಸ್ತುವಿನಿಂದ ಏನೋ ಹೊರಟುಹೋಗುತ್ತದೆ ಎಂದೇ 18ನೆಯ ಶತಮಾನದ ಬಹುಪಾಲು ರಸಾಯನಶಾಸ್ತ್ರಜ್ಞರು ಭಾವಿಸಿದ್ದರು. ಆಕ್ಸಿಜನ್ ಬಂದು ಸೇರುತ್ತದೆಂದು ಲವಾಸಿಯೆ ತೂಕ ಮಾಡಿಯೇ ತೋರಿಸಬೇಕಾಯಿತು. ಆದ್ದರಿಂದ ತಪ್ಪು ಬರೆದ ಮಗುವನ್ನು ನಾಚಿಸಬಾರದು.

2ನೆಯದರಲ್ಲಿ ‘ಆ’ ಎಂದವರು ಕುದಿಯುವಾಗ ನೀರಿನ ಅಣು ಒಡೆಯುತ್ತದೆಂದು ಭಾವಿಸಿದ್ದಾರೆ. ಅಂದರೆ ಭೌತ ಬದಲಾವಣೆ ಮತ್ತು ರಾಸಾಯನಿಕ ಬದಲಾವಣೆಯ ಗೆರೆ ಅವರಿಗಿನ್ನೂ ಮೂಡಿಲ್ಲ. ಸರಿಯುತ್ತರ ನೀರಾವಿ. 3ಕ್ಕೆ 250 ಗ್ರಾಂ. ‘ಅ’ ಎಂದವರಿಗೆ ಕರಗುವುದೆಂದರೆ ಇಲ್ಲವಾಗುವುದು.

5ನೆಯದಕ್ಕೆ ಸರಿಯುತ್ತರ ‘ಇ’. ಸುಣ್ಣ ಸಾಲದಿದ್ದಾಗ ದ್ರಾವಣದಲ್ಲಿ ಉಳಿದ ತಾಮ್ರದ ಅಯಾನುಗಳು ಲೋಹವಾಗಿ ಅಲಗಿನ ಮೇಲೆ ಕೂರುತ್ತವೆ, ಕಬ್ಬಿಣ ದ್ರಾವಣಕ್ಕೆ ಇಳಿಯುತ್ತದೆ. ತೋಟದ ಮನೆಯ ಮಕ್ಕಳಿಗೆ ಈ ಕೆಂಪು ಚಿರಪರಿಚಿತ, ಆದರೆ ಅದನ್ನು ಸ್ಥಾನಪಲ್ಲಟ ಕ್ರಿಯೆಯೆಂದು ಅವರು ಎಂದೂ ಕರೆದಿರುವುದಿಲ್ಲ. ‘ಆ’ ಎಂದವರು ಒಂದು ಧಾತು ಇನ್ನೊಂದಾಗಬಲ್ಲದೆಂದು ನಂಬಿದ್ದಾರೆ. ಅವರೊಂದಿಗೆ ಪ್ರತ್ಯೇಕವಾಗಿ ಮಾತನಾಡುವುದು ಒಳ್ಳೆಯದು. ಬಣ್ಣ ಮತ್ತು ಲೋಹದ ಹೊಳಪು ಅಸಂಖ್ಯ ಪರಮಾಣುಗಳು ಒಟ್ಟಾಗಿರುವಾಗಿನ ಗುಣ, ಒಂಟಿ ಪರಮಾಣುವಿನದಲ್ಲ.

7ರಲ್ಲಿ ಲೆಕ್ಕ ಸರಿ, ವಸ್ತು ಬೇರೆ: H₂O₂ ಎಂಬುದು ಹೈಡ್ರೋಜನ್ ಪೆರಾಕ್ಸೈಡ್. ಮಾತಿನಲ್ಲಿ ಅಡಗುವುದು ಚಿತ್ರದಲ್ಲಿ ಹೊರಬೀಳುತ್ತದೆ: ನಾಲ್ಕು ಬಿಳಿ, ಎರಡು ಕಪ್ಪು ವೃತ್ತಗಳನ್ನು ಒಂದೇ ಗೊಂಚಲಾಗಿ ಬರೆದವರಿಗೆ ಮುಂದಿನ 2 ಮತ್ತು ಕೆಳಗಿನ 2 ಒಂದೇ ಅರ್ಥದವು. ಅಂಥವರೊಂದಿಗೆ ಕಡಲೆಕಾಳು ಮತ್ತು ಹೆಸರುಕಾಳು ಇಟ್ಟು ಎರಡು ಬೇರೆಬೇರೆ ಅಣುಗಳನ್ನು ಜೋಡಿಸಿದ ಮೇಲೆಯೇ ಸಮೀಕರಣಕ್ಕೆ ಹೋಗಬೇಕು.

8ನೆಯದನ್ನು ತಿದ್ದುವುದು ಬೇಡ. ಬಂದ ಉತ್ತರಗಳನ್ನು ಹೆಸರಿಲ್ಲದೆ ಕಪ್ಪುಹಲಗೆಯ ಮೇಲೆ ಬರೆದಿಟ್ಟು, ಬಹಿರುಷ್ಣಕ ಕ್ರಿಯೆಯ ಪಾಠದ ದಿನ ತರಗತಿಯಲ್ಲಿ ಶಿಕ್ಷಕರೇ ಸುಟ್ಟ ಚಿಪ್ಪಿಗೆ ನೀರು ಹನಿಸಿ, ಮಕ್ಕಳನ್ನು ದೂರ ಕೂರಿಸಿ ತೋರಿಸಿದ ನಂತರ ಆ ಸಾಲುಗಳನ್ನು ಅವರಿಂದಲೇ ತಿದ್ದಿಸಬೇಕು.