ಮೇ 27ರ ಪತ್ರಕ್ಕೆ ಬದಲಾಗಿ: ನಿಮ್ಮ ಸಾಲದ ಅರ್ಜಿಯ ಬಗ್ಗೆ

ತಿಪಟೂರು
12 ಜೂನ್ 2025

ವಿಷಯ: ಕೊಬ್ಬರಿ ಎಣ್ಣೆ ಘಟಕಕ್ಕೆ ಕೋರಿದ 6,00,000 ರೂಪಾಯಿ ಅವಧಿ ಸಾಲ

ಮಾನ್ಯರೇ,

ನಿಮ್ಮ ಅರ್ಜಿ "ಬ್ಯಾಂಕಿನ ಮಾನದಂಡಗಳಿಗೆ ಅನುಗುಣವಾಗಿಲ್ಲ" ಎಂದಷ್ಟೇ ತಿಳಿಸಿ ಮೇ 27ರಂದು ನಮ್ಮ ಶಾಖೆಯಿಂದ ಒಂದು ಪತ್ರ ಬಂದಿತ್ತು. ಯಾವ ಮಾನದಂಡ, ಎಲ್ಲಿ ಕೊರತೆ ಎಂಬುದನ್ನು ಅದರಲ್ಲಿ ತಿಳಿಸಿರಲಿಲ್ಲ. ಅದು ನಮ್ಮ ತಪ್ಪು. ಅದಕ್ಕಾಗಿ ಕ್ಷಮೆ ಕೋರುತ್ತೇನೆ. ಆ ಪತ್ರದ ಬದಲಿಗೆ ಇದನ್ನು ಪರಿಗಣಿಸಬೇಕಾಗಿ ವಿನಂತಿ.

ನೀವು ಕೇಳಿದ 6,00,000 ರೂಪಾಯಿಯನ್ನು ಈಗ ಮಂಜೂರು ಮಾಡಲು ನಮಗೆ ಸಾಧ್ಯವಾಗಿಲ್ಲ. ಅದಕ್ಕೆ ಕಾರಣಗಳು ಎರಡು.

ಮೊದಲನೆಯದು, ಮರುಪಾವತಿಯ ಲೆಕ್ಕ. ನಿಮ್ಮ ಖಾತೆಯ ಕಳೆದ ಹನ್ನೆರಡು ತಿಂಗಳ ವಹಿವಾಟಿನಿಂದ ಖರ್ಚು ಕಳೆದು ಉಳಿಯುವ ಆದಾಯ ತಿಂಗಳಿಗೆ ಸುಮಾರು 18,200 ರೂಪಾಯಿ. ಸಂಘದ ಸಾಲಕ್ಕೆ ಈಗಾಗಲೇ ತಿಂಗಳಿಗೆ 4,600 ಕಟ್ಟುತ್ತಿದ್ದೀರಿ. ಆರು ಲಕ್ಷವನ್ನು ಶೇ 11ರ ಬಡ್ಡಿಯಲ್ಲಿ ಐದು ವರ್ಷಕ್ಕೆ ಕೊಟ್ಟರೆ ಹೊಸ ಕಂತು ಸುಮಾರು 13,045 ಆಗುತ್ತದೆ. ಎರಡನ್ನೂ ಕಟ್ಟಿದ ಮೇಲೆ ಮನೆ ನಡೆಸಲು ಉಳಿಯುವುದು 555 ರೂಪಾಯಿ ಮಾತ್ರ. ಒಂದು ತಿಂಗಳು ಕೊಬ್ಬರಿ ಧಾರಣೆ ಏರಿದರೂ ಕಂತು ತಪ್ಪುವ ಸ್ಥಿತಿ ಅದು. ನಿಮ್ಮ ನಗದು ಮಾರಾಟ ಇದಕ್ಕಿಂತ ಹೆಚ್ಚಿದೆ ಎಂದು ನೀವು ಹೇಳಿದ್ದನ್ನು ನಾನು ಅನುಮಾನಿಸುವುದಿಲ್ಲ. ನಿಮ್ಮ ಶೆಡ್ಡಿಗೆ ಬಂದ ದಿನ ದಿನವಹಿ ಪುಸ್ತಕವನ್ನು ನಾನೇ ನೋಡಿದ್ದೇನೆ. ಡಬ್ಬಿಗಳ ಲೆಕ್ಕವೂ ಅದರಲ್ಲಿ ಅಚ್ಚುಕಟ್ಟಾಗಿತ್ತು. ಆದರೆ ಖಾತೆಗೆ ಬಾರದ, ಬಿಲ್ಲಿಲ್ಲದ ಹಣವನ್ನು ನಾವು ಆದಾಯವೆಂದು ಎಣಿಸಲು ಬರುವುದಿಲ್ಲ.

ಎರಡನೆಯದು, ಕ್ರೆಡಿಟ್ ವರದಿ. ಹಿಂದಿನ ದ್ವಿಚಕ್ರ ವಾಹನ ಸಾಲದಲ್ಲಿ 11,400 ರೂಪಾಯಿ ಬಾಕಿ ಇದೆಯೆಂದು ಅದರಲ್ಲಿ ದಾಖಲಾಗಿದೆ. ಆ ಸಾಲ ತೀರಿದೆ ಎಂದು ನೀವು ತಿಳಿಸಿದ್ದೀರಿ. ನಿಮ್ಮ ಮಾತೇ ಸರಿಯಾಗಿರಬಹುದು, ಆದರೆ ವರದಿ ತಿದ್ದುಪಡಿಯಾಗುವವರೆಗೆ ನಾವು ಮುಂದುವರಿಯಲಾರೆವು.

ಅಡಮಾನ ಇಲ್ಲದಿರುವುದಾಗಲಿ, ಶೆಡ್ಡು ಬಾಡಿಗೆಯದಾಗಿರುವುದಾಗಲಿ ಈ ತೀರ್ಮಾನಕ್ಕೆ ಕಾರಣವಲ್ಲ. ಮುದ್ರಾ ಯೋಜನೆಯಲ್ಲಿ ಈ ಮೊತ್ತಕ್ಕೆ ಅಡಮಾನ ಬೇಕಿಲ್ಲ.

ಮುಂದೆ ಮಾಡಬಹುದಾದದ್ದರಲ್ಲಿ ತುರ್ತಿನದು ವರದಿಯ ತಿದ್ದುಪಡಿ. ವಾಹನ ಸಾಲ ಕೊಟ್ಟ ಸಂಸ್ಥೆಯಿಂದ ಬಾಕಿ ಇಲ್ಲವೆಂಬ ಪ್ರಮಾಣಪತ್ರ ಪಡೆದು, ಅದರ ಪ್ರತಿಯೊಂದಿಗೆ ಆ ಸಂಸ್ಥೆಗೂ ವರದಿ ನೀಡಿದ ಕಂಪನಿಗೂ ಲಿಖಿತ ದೂರು ಕೊಡಿ. ಪ್ರತಿ ಕ್ರೆಡಿಟ್ ಮಾಹಿತಿ ಕಂಪನಿಯಿಂದ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಪಡೆಯುವ ಹಕ್ಕು ನಿಮಗಿದೆ. ದೂರು ಕೊಟ್ಟ 30 ದಿನಗಳಲ್ಲಿ ಅದು ಇತ್ಯರ್ಥವಾಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಸಿಗಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ದೂರಿನ ಅರ್ಜಿ ಬರೆಯಲು ನಮ್ಮ ಸಾಲ ವಿಭಾಗದವರು ನೆರವಾಗುತ್ತಾರೆ.

ವರದಿ ಸರಿಯಾದ ಮೇಲೆ ಒಣಗಿಸುವ ಯಂತ್ರಕ್ಕಷ್ಟೇ ಸಾಲ ಕೇಳುವುದನ್ನು ನಾನು ಸೂಚಿಸುತ್ತೇನೆ. ಅದರ ಬೆಲೆ 2,85,000. ನಿಮ್ಮ 75,000 ಸೇರಿಸಿದರೆ ಬೇಕಾದ ಸಾಲ 2,10,000, ಕಂತು ಸುಮಾರು 4,566. ಸಂಘದ ಕಂತನ್ನೂ ಕಳೆದರೆ ಮನೆಗೆ 9,000 ರೂಪಾಯಿಗೂ ಮಿಕ್ಕಿ ಉಳಿಯುತ್ತದೆ. ಮಳೆಗಾಲದಲ್ಲಿ ಕೊಬ್ಬರಿಗೆ ಬೂಷ್ಟು ಹಿಡಿದು ಆಗುವ ನಷ್ಟವನ್ನು ನೀವೇ ತೋರಿಸಿದ್ದಿರಿ. ಆ ನಷ್ಟ ನಿಂತರೆ ಎಣ್ಣೆ ತೆಗೆಯುವ ದೊಡ್ಡ ಯಂತ್ರದ ಸಾಲಕ್ಕೂ ದಾರಿಯಾಗುತ್ತದೆ. ಮಂಜೂರಾತಿಯ ಭರವಸೆಯನ್ನು ಈಗಲೇ ಕೊಡಲಾರೆ, ಆದರೆ ಈಗಿರುವ ದಾಖಲೆಗಳ ಮೇಲೆಯೇ ಪರಿಶೀಲಿಸುತ್ತೇವೆ.

ಜೊತೆಗೆ, ಅಂಗಡಿಯ ಮಾರಾಟವನ್ನು ಆರು ತಿಂಗಳು ಕ್ಯೂಆರ್ ಕೋಡ್ ಮೂಲಕವೋ ನಗದು ಜಮೆಯ ಮೂಲಕವೋ ಖಾತೆಗೆ ತನ್ನಿ. ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಕೇಂದ್ರ ಯೋಜನೆಯಲ್ಲಿ (ಪಿಎಂಎಫ್‌ಎಂಇ) ಅರ್ಹ ಯೋಜನಾ ವೆಚ್ಚದ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನವಿದೆ. ಜಿಲ್ಲಾ ಸಂಪನ್ಮೂಲ ವ್ಯಕ್ತಿಯನ್ನು ಕೃಷಿ ಇಲಾಖೆಯ ಮೂಲಕ ಕಾಣಬಹುದು. ಅದಕ್ಕೂ ಬ್ಯಾಂಕ್ ಸಾಲ ಮಂಜೂರಾಗಬೇಕಾದ್ದರಿಂದ ಮೇಲಿನ ತಿದ್ದುಪಡಿ ಮೊದಲು ಆಗಬೇಕು. ಅಲ್ಲಿಯವರೆಗೆ ಹಲವು ಬ್ಯಾಂಕುಗಳಿಗೆ ಒಟ್ಟಿಗೆ ಅರ್ಜಿ ಹಾಕದಿರುವುದು ಒಳ್ಳೆಯದು, ಏಕೆಂದರೆ ಪ್ರತಿ ವಿಚಾರಣೆಯೂ ನಿಮ್ಮ ವರದಿಯಲ್ಲಿ ದಾಖಲಾಗುತ್ತದೆ.

ನಮ್ಮ ಲೆಕ್ಕದಲ್ಲಿ ತಪ್ಪು ಕಂಡರೆ ಮರುಪರಿಶೀಲನೆಗೆ ನನಗೇ ಬರೆಯಿರಿ. 15 ದಿನಗಳಲ್ಲಿ ಉತ್ತರಿಸುತ್ತೇನೆ. ದೂರಿಗೆ 30 ದಿನಗಳಲ್ಲಿ ಬ್ಯಾಂಕಿನಿಂದ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ cms.rbi.org.in ಮೂಲಕ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು. ಸಾಲ ಕೊಡಲೇಬೇಕೆಂದು ಅವರು ಆದೇಶಿಸುವುದಿಲ್ಲ. ಸೇವೆಯಲ್ಲಿ ಆದ ಲೋಪವನ್ನು ವಿಚಾರಿಸುತ್ತಾರೆ.

ನಿಮ್ಮ ಮೂಲ ದಾಖಲೆಗಳು ಶಾಖೆಯಲ್ಲಿ ಸುರಕ್ಷಿತವಾಗಿವೆ. ಈ ಅರ್ಜಿಗೆ ಯಾವ ಶುಲ್ಕವನ್ನೂ ಪಡೆದಿಲ್ಲ. ದಾಖಲೆ ಪಡೆಯಲು ಬರುವ ದಿನ ವಾಹನ ಸಾಲದ ಹಳೆಯ ರಸೀದಿಗಳನ್ನೂ ತಂದರೆ ಅಂದೇ ದೂರನ್ನು ಬರೆದು ಕಳುಹಿಸೋಣ.

ಇಂತಿ ತಮ್ಮ ವಿಶ್ವಾಸಿ,
ಶಾಖಾ ವ್ಯವಸ್ಥಾಪಕರು, ತಿಪಟೂರು ಶಾಖೆ